ರಂಗೋಲಿ ಪುಡಿಯಲ್ಲಿ ಬರೆದ ಬಾಗಿಲು

ಹನುಮಂತನಗರದಲ್ಲಿ ಅಕ್ಕ ಬಾಡಿಗೆಗೆ ಹಿಡಿದಿರುವ ಮನೆಯ ಮಲಗುವ ಕೋಣೆ ‘ಹತ್ತಕ್ಕೆ ಹತ್ತು’ ಎಂದು ಮಾಲೀಕರು ಹೇಳಿದ್ದರು. ಟೇಪು ಹಿಡಿದರೆ ಸಿಕ್ಕಿದ್ದು 118 ಇಂಚು. ಉಳಿದೆರಡು ಇಂಚನ್ನು ಗೋಡೆಯ ಗಾರೆ ನುಂಗಿತ್ತು. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯಲ್ಲಿ ಎರಡು ಇಂಚೂ ಲೆಕ್ಕಕ್ಕೆ ಬರುತ್ತದೆ.

ತೊಂದರೆ ಏನೆಂದು ಬಾಗಿಲೇ ಹೇಳುತ್ತಿತ್ತು. ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ಅದರ ಮೈಮೇಲೆ ಬೆರಳುದ್ದದ ಬಿಳಿ ಗಾಯ. ಓದುವ ಮೇಜಿನ ಎತ್ತರವೂ ಅಷ್ಟೇ. ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳಿಗಾಗಿ ಅಕ್ಕ ಮೇಜನ್ನು ಬಾಗಿಲ ಹಿಂದಿನ ಮೂಲೆಗೆ ಹಾಕಿದ್ದಳು. ಬಾಗಿಲು ಅರ್ಧ ತೆರೆಯುವಷ್ಟರಲ್ಲಿ ಮೇಜಿನ ಅಂಚಿಗೆ ಢಬ್ಬೆಂದು ಬಡಿಯುತ್ತಿತ್ತು. ಬೆಳಿಗ್ಗೆ ಅಮ್ಮ ಕಾಫಿ ಲೋಟ ಹಿಡಿದು ಮೊಣಕೈಯಿಂದ ಬಾಗಿಲು ತಳ್ಳಿದರೆ ಅರ್ಧ ಕಾಫಿ ನೆಲಕ್ಕೆ.

ನಾನು ಅಮ್ಮನಿಂದ ರಂಗೋಲಿ ಪುಡಿ ಇಸಿದುಕೊಂಡೆ. ಬಾಗಿಲ ಕೀಲಿನ ಕೆಳಗೆ ದಾರದ ಒಂದು ತುದಿ ಹಿಡಿದು, ಬಾಗಿಲಿನ ಅಗಲದಷ್ಟು, ಅಂದರೆ 33 ಇಂಚು ದಾರ ಬಿಟ್ಟು ನೆಲದ ಮೇಲೆ ಕಮಾನು ಎಳೆದೆ. ಬಾಗಿಲು ಓಡಾಡುವ ಆ ಕಾಲು ವೃತ್ತ ಸುಮಾರು ಆರು ಚದರ ಅಡಿ. ಹಲಗೆಯ ದಪ್ಪ ಒಂದೂವರೆ ಇಂಚೂ ಇಲ್ಲ, ಆದರೆ ಅದು ಕೇಳುವ ಜಾಗ ಇಷ್ಟು. ಮಂಚ, ಬೀರು, ಕುರ್ಚಿಗಳೂ ಹಾಗೆಯೇ: ಅಂಗಡಿಯವರು ಕೊಡುವುದು ಪೆಟ್ಟಿಗೆಯ ಅಳತೆ, ನಮಗೆ ಬೇಕಾದದ್ದು ಚಲನೆಯ ಅಳತೆ. ಕುಳಿತವರು ಏಳಬೇಕಾದರೆ ಮೇಜಿನ ಅಂಚಿನಿಂದ ಹಿಂದಕ್ಕೆ 30 ಇಂಚಾದರೂ ಬೇಕು. ಭುಜದ ಅಗಲ ಹದಿನೆಂಟಿಪ್ಪತ್ತು ಇಂಚಾದ್ದರಿಂದ, ಅಡ್ಡ ತಿರುಗದೆ ಸಲೀಸಾಗಿ ನಡೆಯಲು 24 ಇಂಚಿಗೆ ಕಡಿಮೆಯಾಗಬಾರದು.

ಇವನ್ನೆಲ್ಲ ಕೂಡಿಸುತ್ತ ಹೋದರೆ ಯಾವ ಸಣ್ಣ ಕೋಣೆಯೂ ಸಾಲದು. ಪುಣ್ಯಕ್ಕೆ, ಒಂದೇ ಖಾಲಿ ಜಾಗವನ್ನು ಹಲವು ಚಲನೆಗಳು ಹಂಚಿಕೊಳ್ಳಬಹುದು. ಬೀರು ತೆರೆದು ನಿಂತವಳು ಅದೇ ಹೊತ್ತಿಗೆ ನಡೆಯುತ್ತಿರುವುದಿಲ್ಲ. ಹಾಗಾಗಿ ಬೀರುವಿನ ಮುಂದಿನ ಜಾಗವೇ ಓಡಾಡುವ ದಾರಿಯೂ ಆಗಬಹುದು. ಬಾಗಿಲಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದನ್ನು ತಳ್ಳುವವರು ಹೊರಗಿರುತ್ತಾರೆ, ಒಳಗೆ ಯಾರಿದ್ದಾರೆಂದು ಅವರಿಗೆ ಕಾಣುವುದಿಲ್ಲ. ಆದ್ದರಿಂದ ರಂಗೋಲಿಯ ಗೆರೆಯೊಳಗೆ ಮೇಜೂ ಬೇಡ, ಕುರ್ಚಿಯೂ ಬೇಡ, ತೆರೆದ ಬೀರುವಿನ ಬಾಗಿಲೂ ಬೇಡ.

ಕೋಣೆಯ ಬಾಗಿಲಿರುವುದು ದಕ್ಷಿಣ ಗೋಡೆಯ ಪಶ್ಚಿಮ ತುದಿಯಲ್ಲಿ, ಕಿಟಕಿ ಉತ್ತರಕ್ಕೆ. ಐದಡಿ ಉದ್ದದ ಮರದ ಬೀರು ಪಶ್ಚಿಮ ಗೋಡೆಗೆ ಒರಗಿ ಉತ್ತರದ ಮೂಲೆಯಲ್ಲಿತ್ತು, ಅದನ್ನು ಕದಲಿಸಲಿಲ್ಲ. ಅದರ ಆಳ 24 ಇಂಚು. ಹ್ಯಾಂಗರೇ ಹದಿನೇಳು ಹದಿನೆಂಟು ಇಂಚಿರುವುದರಿಂದ ಆಳವನ್ನು ಕಡಿಮೆ ಮಾಡಿದರೆ ಅಂಗಿಯ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಕಿಟಕಿಯ ಕೆಳಗಿದ್ದ ಮಂಚವನ್ನು ಎದುರಿನ ಆಗ್ನೇಯ ಮೂಲೆಗೆ ಎಳೆದೆವು. ಹಾಸಿಗೆ 60 ಇಂಚು ಅಗಲ, 78 ಉದ್ದ. ಮಂಚದ ಚೌಕಟ್ಟು ಸೇರಿ 63 ಮತ್ತು 81. ತಲೆ ದಕ್ಷಿಣಕ್ಕೆ ಬಂದಿದ್ದರಿಂದ ಅಮ್ಮನಿಗೂ ಸಮಾಧಾನ. 118ರಲ್ಲಿ ಬೀರುವಿನ 24, ಮಂಚದ 63 ಕಳೆದರೆ ನಡುವೆ 31 ಇಂಚಿನ ದಾರಿ.

ಮಂಚದ ಕಾಲ ಬಳಿಯಿಂದ ಉತ್ತರದ ಗೋಡೆಯವರೆಗೆ ಉಳಿದದ್ದು 37 ಇಂಚು. ಮೇಜನ್ನು ಕಿಟಕಿಗೆ ಮುಖಮಾಡಿ ಹಾಕೋಣವೆಂದಳು ಅಕ್ಕನ ಮಗಳು. ಮೇಜಿನ ಆಳ 20 ಇಂಚು. ಕುರ್ಚಿಗೆ ಉಳಿಯುವುದು ಬರೀ 17, ಮಂಚ ಹಾರಿ ಕೂರಬೇಕು. ಅದೇ ಮೇಜನ್ನು ತಿರುಗಿಸಿ ಪೂರ್ವದ ಗೋಡೆಗೆ ಒರಗಿಸಿದಾಗ ಅದರ 36 ಇಂಚಿನ ಉದ್ದ ಆ ಸಂದಿಯಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ಕುರ್ಚಿ ಈಗ ಪಶ್ಚಿಮಕ್ಕೆ ಸರಿಯುತ್ತದೆ. ಪೂರ್ತಿ ಹಿಂದೆ ಎಳೆದರೂ ಅದರ ಬೆನ್ನಿಗೂ ಬೀರುವಿಗೂ ನಡುವೆ 44 ಇಂಚು. ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವುದರಿಂದ ಬರೆಯುವ ಬಲಗೈಯ ನೆರಳು ಪುಸ್ತಕದ ಮೇಲಿಲ್ಲ.

ಬೀರುವಿನ ಕೆಳಗಿನ ಡ್ರಾಯರುಗಳನ್ನು ಮೊದಲು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಡ್ರಾಯರ್ 16 ಇಂಚು ಹೊರಬರುತ್ತದೆ, ಎದುರು ಕುಕ್ಕರುಗಾಲಲ್ಲಿ ಕೂರಲು ಇನ್ನೂ ಇಪ್ಪತ್ತು ಬೇಕು. ಮಂಚದೆದುರಿನ 31 ಇಂಚಿನಲ್ಲಿ ಬೆನ್ನು ಮಂಚಕ್ಕೆ ತಗಲುತ್ತದೆ. ದಿನವೂ ಬಳಸುವ ಬಟ್ಟೆಯನ್ನು ಅಕ್ಕ ಉತ್ತರದ ತುದಿಯ ಡ್ರಾಯರಿಗೆ ಸಾಗಿಸಿದಳು, ಅಲ್ಲಿ 44 ಇಂಚು ಇದೆಯಲ್ಲ. ಸರಿಯುವ ಬಾಗಿಲಿನ ಬೀರು ಮಾಡಿಸಬಹುದಿತ್ತೆನ್ನುವವರಿದ್ದಾರೆ. ಅದರ ಹಳಿಗಳಿಗೆ ಮೂರು ನಾಲ್ಕು ಇಂಚು ಆಳ ಹೆಚ್ಚು ಬೇಕು, ದಾರಿ ಆಗ ಶಾಶ್ವತವಾಗಿ ಕಿರಿದಾಗುತ್ತದೆ. ನನಗೆ ಆ ವ್ಯಾಪಾರ ಒಪ್ಪಿಗೆಯಿಲ್ಲ.

ಗೋಡೆಗೆ ಒತ್ತಿದ ಮಂಚದ ತಾಪತ್ರಯ ಮಾತ್ರ ಉಳಿದಿದೆ. ಒಳಗಡೆ ಮಲಗುವ ಮಗಳು ರಾತ್ರಿ ಎದ್ದರೆ ಮಂಚದ ಕಾಲ ಬಳಿಗೆ ತೆವಳಿ ಮೇಜಿನ ಪಕ್ಕ ಇಳಿಯಬೇಕು. ಗೋಡೆ ಬದಿಯ ಹೊದಿಕೆಯನ್ನು ಸಿಕ್ಕಿಸಲು ಅಕ್ಕ ವಾರಕ್ಕೊಮ್ಮೆ ಮಂಚವನ್ನು ಅರ್ಧ ಅಡಿ ಎಳೆಯುತ್ತಾಳೆ.