ವಿದ್ಯುತ್ ಬಿಲ್ಲಿನ ತಕರಾರು: ಯಾವ ಅಡಕ ಏನನ್ನು ಸಾಬೀತು ಮಾಡುತ್ತದೆ?

ಕಾಸರಗೋಡಿನಲ್ಲಿ ಮನೆಯ ವಿದ್ಯುತ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ನಮ್ಮ ನೆರೆಮನೆಯ ಅಕ್ಕನಿಗೆ ಮಾರ್ಚ್ 5ರಂದು ಬಂದ ಬಿಲ್ಲಿನಲ್ಲಿ 489 ಯೂನಿಟ್ ಎಂದಿತ್ತು. ಅದಕ್ಕೆ ಹಿಂದಿನ ಮೂರು ಬಿಲ್ಲುಗಳು 186, 192 ಮತ್ತು 181 ಯೂನಿಟ್‌ಗಳದ್ದು. ಅವರು ಬರೆದಿದ್ದ ಅರ್ಜಿ ಒಂದೇ ಸಾಲಿನದು: “ಬಿಲ್ಲು ಎರಡೂವರೆ ಪಟ್ಟು ಹೆಚ್ಚಾಗಿದೆ, ದಯವಿಟ್ಟು ಸರಿಪಡಿಸಿ.” ಆ ಅರ್ಜಿಯನ್ನು ನಾವಿಬ್ಬರೂ ಕುಳಿತು ತಿದ್ದಿ ಬರೆದೆವು. ಆಗ ಕಲಿತದ್ದನ್ನೇ ಇಲ್ಲಿ ಟಿಪ್ಪಣಿ ಮಾಡುತ್ತಿದ್ದೇನೆ.

ಹಿಂದಿನ ಬಿಲ್ಲುಗಳಿಗಿಂತ ಹೆಚ್ಚು ಬಂದಿದೆ ಎಂಬುದು ಅನುಮಾನಕ್ಕೆ ಕಾರಣವಾಗಬಹುದು, ಸಾಕ್ಷ್ಯವಾಗುವುದಿಲ್ಲ. ಮನೆಗೆ ನೆಂಟರು ಬಂದಿರಬಹುದು, ಬೇಸಿಗೆಯಲ್ಲಿ ತೋಟಕ್ಕೆ ನೀರು ಹಾಯಿಸಲು ಪಂಪು ಹೆಚ್ಚು ಹೊತ್ತು ಓಡಿರಬಹುದು ಎಂದು ಕಚೇರಿಯವರು ಹೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಹಾಗಾಗಿ ಮೊದಲು ಬಿಲ್ಲಿನ ಮೊತ್ತವನ್ನು ಬಿಟ್ಟು ರೀಡಿಂಗ್ ನೋಡಬೇಕು. ಅಕ್ಕನ ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ 08452, ಈಗಿನದು 08941. ಬಿಲ್ಲು ಬಂದು ಎರಡು ದಿನಗಳಾದ ಮೇಲೆ, ಮಾರ್ಚ್ 7ರ ಸಂಜೆ, ನಾವು ಮೀಟರ್ ನೋಡಿದಾಗ ಅದರಲ್ಲಿ 08647 ಇತ್ತು.

ಇಡೀ ತಕರಾರು ನಿಂತಿರುವುದು ಈ ಒಂದು ಸಂಖ್ಯೆಯ ಮೇಲೆ. ಮೀಟರ್ ಹಿಂದಕ್ಕೆ ಓಡುವುದಿಲ್ಲ. 7ನೇ ತಾರೀಕಿಗೆ 08647 ಇದ್ದ ಮೀಟರಿನಲ್ಲಿ 5ನೇ ತಾರೀಕಿಗೆ 08941 ಇರಲು ಸಾಧ್ಯವೇ ಇಲ್ಲ. 08647ರಿಂದ 08452 ಕಳೆದರೆ ಬಿಲ್ಲಿನ ಅವಧಿಯ ಬಳಕೆ ಹೆಚ್ಚೆಂದರೆ 195 ಯೂನಿಟ್.

ಆದರೆ ಇದನ್ನು ತೋರಿಸಲು ತೆಗೆಯುವ ಮೀಟರಿನ ಫೋಟೋ ಸರಿಯಾಗಿರಬೇಕು. ಎಲೆಕ್ಟ್ರಾನಿಕ್ ಮೀಟರಿನ ಪರದೆಯಲ್ಲಿ ದಿನಾಂಕ, ಸಮಯ, ವೋಲ್ಟೇಜು ಎಲ್ಲವೂ ಒಂದರ ಹಿಂದೆ ಒಂದು ಬಂದು ಹೋಗುತ್ತವೆ. ಅಂಕಿಯ ಪಕ್ಕದಲ್ಲಿ kWh ಎಂದು ಕಾಣಿಸುವ ಹೊತ್ತಿಗೇ ಫೋಟೋ ತೆಗೆಯಬೇಕು. ಮೀಟರಿನ ಮೇಲೆ ಅಚ್ಚಾಗಿರುವ ಸರಣಿ ಸಂಖ್ಯೆಯೂ ಅದೇ ಫೋಟೋದಲ್ಲಿ ಓದುವಂತಿರಬೇಕು. ಇಲ್ಲದಿದ್ದರೆ ಅದು ಯಾರ ಮನೆಯ ಮೀಟರ್ ಎಂಬ ಪ್ರಶ್ನೆ ಏಳುತ್ತದೆ. ನಾವು ಮೊದಲು ತೆಗೆದ ಫೋಟೋದಲ್ಲಿ ಗಾಜಿನ ಮೇಲೆ ಬಿದ್ದ ಬೆಳಕಿನಿಂದ ನಡುವಿನ ಅಂಕಿಯೇ ಕಾಣುತ್ತಿರಲಿಲ್ಲ. ಓರೆಯಾಗಿ ನಿಂತು ಮತ್ತೆ ತೆಗೆದೆವು.

ಎರಡನೆಯ ಸಾಕ್ಷ್ಯ ನೋಟುಪುಸ್ತಕ. ಮಾರ್ಚ್ 7ರಿಂದ 12ರವರೆಗೆ ದಿನವೂ ಸಂಜೆ ಅದೇ ಹೊತ್ತಿಗೆ ರೀಡಿಂಗ್ ಬರೆದಿಟ್ಟೆವು. ಐದು ದಿನಗಳಲ್ಲಿ 08647ರಿಂದ 08662ಕ್ಕೆ ಏರಿತು, ಅಂದರೆ ದಿನಕ್ಕೆ 3 ಯೂನಿಟ್. ಅದೇ ಲೆಕ್ಕದಲ್ಲಿ ಎರಡು ದಿನ ಹಿಂದಕ್ಕೆ ಹೋದರೆ ಬಿಲ್ಲಿನ ದಿನಕ್ಕೆ 08641 ಬರುತ್ತದೆ. ಬಿಲ್ಲಿನಲ್ಲಿರುವುದು 08941. ಬಹುಶಃ 6 ಒತ್ತುವಲ್ಲಿ 9 ಒತ್ತಿದ್ದಾರೆ. ಆದರೆ ಫೋಟೋ ಸಾಬೀತುಪಡಿಸುವುದು 195ರ ಮಿತಿಯನ್ನು ಮಾತ್ರ. 6 ಮತ್ತು 9ರ ಅದಲುಬದಲು ನಮ್ಮ ಊಹೆ. ಅರ್ಜಿಯಲ್ಲಿ ಇವೆರಡನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಬರೆಯಬೇಕು. ಊಹೆಯನ್ನು ಸತ್ಯದ ದನಿಯಲ್ಲಿ ಬರೆದರೆ ಗಟ್ಟಿಯಾದ ಸಾಕ್ಷ್ಯವೂ ಅದರ ಜೊತೆಗೆ ಸಡಿಲವಾಗುತ್ತದೆ.

ಹಿಂದಿನ ಮೂರು ಬಿಲ್ಲುಗಳೂ ಅವುಗಳ ರಸೀದಿಗಳೂ ಬೇಕಾಗುವುದು ಬೇರೊಂದು ಕಾರಣಕ್ಕೆ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ, ತಕರಾರು ಇತ್ಯರ್ಥವಾಗುವವರೆಗೆ ಗ್ರಾಹಕನು ಬಿಲ್ಲಿನ ಪೂರ್ತಿ ಮೊತ್ತವನ್ನೋ ಹಿಂದಿನ ಆರು ತಿಂಗಳಲ್ಲಿ ಪಾವತಿಸಿದ ಶುಲ್ಕದ ಸರಾಸರಿಯ ಲೆಕ್ಕದ ಮೊತ್ತವನ್ನೋ, ಎರಡರಲ್ಲಿ ಕಡಿಮೆಯಾದದ್ದನ್ನು, ಆಕ್ಷೇಪಣೆಯೊಂದಿಗೆ ಕಟ್ಟಿದರೆ ಸಂಪರ್ಕ ಕಡಿಯುವಂತಿಲ್ಲ. ನಮ್ಮಲ್ಲಿ ಆರು ತಿಂಗಳೆಂದರೆ ಮೂರು ಬಿಲ್ಲುಗಳು. ಸರಾಸರಿ ನೋಡುವುದು ಪಾವತಿಸಿದ ಮೊತ್ತದ್ದಾದ್ದರಿಂದ ರಸೀದಿಯೂ ಇರಬೇಕು. ಈ ಬಿಲ್ಲುಗಳನ್ನು ಶಾಖದಿಂದ ಅಕ್ಷರ ಮೂಡುವ ಕಾಗದದಲ್ಲಿ ಮುದ್ರಿಸಿದ್ದರೆ ಕೆಲವು ತಿಂಗಳಲ್ಲಿ ಅಕ್ಷರ ಮಾಸುತ್ತದೆ, ಆದ್ದರಿಂದ ಬಂದ ದಿನವೇ ಜೆರಾಕ್ಸ್ ಮಾಡಿಸಿ. ಅರ್ಜಿಗೆ ಜೆರಾಕ್ಸ್ ಪ್ರತಿಯನ್ನೇ ಲಗತ್ತಿಸಬೇಕು. ಮೂಲ ಪ್ರತಿ ಮನೆಯಲ್ಲಿರಲಿ.

ಸಂಪರ್ಕವು ಅಕ್ಕನ ತಂದೆಯವರ ಹೆಸರಿನಲ್ಲಿತ್ತು. ಹಾಗಾಗಿ ಮಗಳು ಅರ್ಜಿ ಕೊಡುವುದಕ್ಕೆ ಅವರು ಸಹಿ ಮಾಡಿದ ಒಪ್ಪಿಗೆ ಪತ್ರವನ್ನೂ ಇಟ್ಟೆವು.

ಇನ್ನು ಇವುಗಳನ್ನು ಅರ್ಜಿಯೊಳಗೆ ಹೆಸರಿಸುವ ಬಗೆ. “ಸಂಬಂಧಿಸಿದ ದಾಖಲೆಗಳನ್ನು ಲಗತ್ತಿಸಿದೆ” ಎಂದು ಕೊನೆಯಲ್ಲಿ ಒಂದು ಸಾಲು ಬರೆದರೆ ಓದುವವರೇ ಹುಡುಕಬೇಕಾಗುತ್ತದೆ, ಅವರು ಹುಡುಕುವುದಿಲ್ಲ. ಪ್ರತಿ ಹೇಳಿಕೆ ಮುಗಿದಲ್ಲೇ ಅದರ ಅಡಕದ ಸಂಖ್ಯೆ ಬರಬೇಕು. ಆ ಕಾಗದದಲ್ಲಿ ಎಲ್ಲಿ ನೋಡಬೇಕೆಂದೂ ಹೇಳಬೇಕು. ಅಕ್ಕನ ಅರ್ಜಿಯ ಮುಖ್ಯ ಭಾಗ ಹೀಗಿತ್ತು:

“ಮಾರ್ಚ್ 5ರ ಬಿಲ್ಲಿನಲ್ಲಿ ಈಗಿನ ರೀಡಿಂಗ್ 08941 ಎಂದಿದೆ (ಅಡಕ 1, ಗೆರೆ ಎಳೆದ ಸಾಲು). ಮಾರ್ಚ್ 7ರ ಸಂಜೆ ಅದೇ ಮೀಟರಿನಲ್ಲಿ 08647 ಇತ್ತು. ಮೀಟರಿನ ಸರಣಿ ಸಂಖ್ಯೆ ಫೋಟೋದ ಕೆಳಭಾಗದಲ್ಲಿ ಕಾಣುತ್ತದೆ (ಅಡಕ 2). ಹಾಗಾಗಿ ಬಿಲ್ಲಿನ ಅವಧಿಯ ಬಳಕೆ 195 ಯೂನಿಟ್ ಮೀರಿರಲು ಸಾಧ್ಯವಿಲ್ಲ. ದಿನದ ಬಳಕೆ ಸುಮಾರು 3 ಯೂನಿಟ್ ಇರುವುದರಿಂದ (ಅಡಕ 3) ಅಂದಿನ ರೀಡಿಂಗ್ 08641 ಇದ್ದಿರಬಹುದೆಂದು ನಮ್ಮ ಅಂದಾಜು. ಹಿಂದಿನ ಮೂರು ಬಿಲ್ಲುಗಳ ಬಳಕೆಯೂ ಇದಕ್ಕೆ ಹೊಂದುತ್ತದೆ (ಅಡಕ 4, ಪುಟ 1ರಿಂದ 3). ಮೀಟರನ್ನು ಮತ್ತೊಮ್ಮೆ ಓದಿ ಬಿಲ್ಲನ್ನು ಪರಿಷ್ಕರಿಸಬೇಕೆಂದು ಕೋರುತ್ತೇನೆ. ಸಂಪರ್ಕದಾರರಾದ ನನ್ನ ತಂದೆಯವರ ಒಪ್ಪಿಗೆ ಪತ್ರವನ್ನು ಇಟ್ಟಿದ್ದೇನೆ (ಅಡಕ 5).”

ಇಲ್ಲಿ ರೂಪಾಯಿಯ ಲೆಕ್ಕ ಇಲ್ಲದಿರುವುದು ಬೇಕೆಂದೇ. ಯೂನಿಟ್ ಹೆಚ್ಚಿದಂತೆ ದರದ ಹಂತವೂ ಏರುವುದರಿಂದ ನಾವು ಹಾಕಿದ ಮೊತ್ತ ತಪ್ಪಾಗಬಹುದು. ಆಗ ಚರ್ಚೆ ರೀಡಿಂಗ್ ಬಿಟ್ಟು ನಮ್ಮ ಲೆಕ್ಕದ ಕಡೆಗೆ ತಿರುಗುತ್ತದೆ.

ಅಡಕಗಳ ಸಂಖ್ಯೆ ಅರ್ಜಿಯಲ್ಲಿ ಅವು ಮೊದಲು ಬರುವ ಕ್ರಮದಲ್ಲೇ ಇರಲಿ. ಪ್ರತಿ ಪುಟದ ಮೇಲೆ ಬಲಮೂಲೆಯಲ್ಲಿ ಅಡಕದ ಸಂಖ್ಯೆಯನ್ನೂ ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆಯನ್ನೂ ಬರೆಯಿರಿ. ಪಿನ್ನು ಕಳಚಿದರೂ ಕಾಗದ ತನ್ನ ಕಡತಕ್ಕೆ ಮರಳುತ್ತದೆ. ಮಿಂಚಂಚೆಯಲ್ಲಿ ಕಳುಹಿಸುವುದಾದರೆ ಕಡತದ ಹೆಸರಿನಲ್ಲೂ ಅದೇ ಸಂಖ್ಯೆ ಇರಲಿ: `Adaka2_Meter_07March.jpg`.

ಗಡಿನಾಡಿನ ನಮಗೆ ಇನ್ನೊಂದು ಮಾತು. ಸಂವಿಧಾನದ 350ನೇ ವಿಧಿಯು ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ನೀಡಿದೆ. ಅಕ್ಕ ಕನ್ನಡದಲ್ಲೇ ಬರೆದರು. ಆದರೆ ಅಡಕದ ಸಂಖ್ಯೆಗಳನ್ನು ೧, ೨, ೩ ಎಂದು ಬರೆಯದೆ 1, 2, 3 ಎಂದೇ ಬರೆಯಿರಿ. ಮಲಯಾಳ ಮಾತ್ರ ಓದುವ ಸಿಬ್ಬಂದಿ ಕನ್ನಡದ ವಾಕ್ಯ ಓದಲಾಗದಿದ್ದರೂ ಅರ್ಜಿಯಲ್ಲಿ ಕಂಡ 2ನ್ನು ಮೂಲೆಯಲ್ಲಿ 2 ಎಂದಿರುವ ಫೋಟೋಕ್ಕೆ ಜೋಡಿಸಿ, 08941 ಮತ್ತು 08647ನ್ನು ಅಕ್ಕಪಕ್ಕ ಇಟ್ಟು ನೋಡಬಲ್ಲರು. ಬಿಲ್ಲಿನಲ್ಲಿರುವ ಮನೆಹೆಸರಿನ ಕಾಗುಣಿತ ನಮ್ಮ ಬರವಣಿಗೆಗಿಂತ ಬೇರೆಯಾಗಿದ್ದರೆ ಅರ್ಜಿಯ ವಿಳಾಸದಲ್ಲಿ ಬಿಲ್ಲಿನಲ್ಲಿರುವಂತೆಯೇ ಬರೆಯುವುದು ಒಳ್ಳೆಯದು.

ಮೀಟರಿನ ರೀಡಿಂಗ್ ಬಿಲ್ಲಿನ ರೀಡಿಂಗಿಗಿಂತ ಹೆಚ್ಚಿದ್ದು, ದಿನದ ಬಳಕೆಯೂ ನಂಬಲಾಗದಷ್ಟು ಇದ್ದರೆ ಈ ಪಟ್ಟಿ ಸಾಲದು. ಆಗ ಅನುಮಾನ ಓದಿದವರ ಮೇಲಲ್ಲ, ಮೀಟರಿನ ಮೇಲೆ. ಮನೆಯ ಮುಖ್ಯ ಸ್ವಿಚ್ಚು ಆರಿಸಿ ಅರ್ಧ ಗಂಟೆ ಬಿಟ್ಟ ಮೇಲೂ ರೀಡಿಂಗ್ ಏರುತ್ತಿದ್ದರೆ ಮೊದಲಿನ ಮತ್ತು ನಂತರದ ಎರಡು ಫೋಟೋಗಳನ್ನು ಅಡಕವಾಗಿಟ್ಟು, ಮೀಟರ್ ಪರೀಕ್ಷೆ ಮಾಡಬೇಕೆಂದು ಕೇಳಬೇಕು.

ಅರ್ಜಿಯ ಕೊನೆಗೆ, ಸಹಿಯ ಕೆಳಗೆ ಎಡಭಾಗದಲ್ಲಿ, “ಅಡಕಗಳು: 5, ಒಟ್ಟು 9 ಪುಟಗಳು” ಎಂದು ಬರೆದು ಅವುಗಳ ಹೆಸರು ಕೊಟ್ಟೆವು. ಎರಡನೆಯ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳುವಾಗ ಆ ಸಾಲಿನ ಪಕ್ಕದಲ್ಲೇ ಹಾಕಿಸಿದೆವು. ಅರ್ಜಿಯ ಜೊತೆ ಒಂಬತ್ತೂ ಪುಟಗಳು ಅಲ್ಲಿಗೆ ತಲುಪಿದವೆಂದು ತೋರಿಸಲು ಅಕ್ಕನ ಬಳಿ ಈಗ ಆ ಮೊಹರು ಇದೆ.