ಕನಸಿನಲ್ಲಿ ಕಂಡ ಕೆಂಪು ಬಣ್ಣಕ್ಕೆ ಏನರ್ಥ?

ಪ್ರಶ್ನೆ: ನನ್ನ ಕನಸುಗಳಿಗೆ ಸಾಮಾನ್ಯವಾಗಿ ಬಣ್ಣವೇ ಇರುವುದಿಲ್ಲ. ಕಳೆದ ವಾರ ಮಾತ್ರ ಮೆಜೆಸ್ಟಿಕ್ ಬಸ್ ನಿಲ್ದಾಣದ ತುಂಬ ಕಣ್ಣು ಕುಕ್ಕುವ ಕೆಂಪು ಬಸ್ಸುಗಳು ಕಂಡವು. ಕೆಂಪು ಅಪಾಯದ ಸೂಚನೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ನಿಜವೇ?
— ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಬಣ್ಣವಿಲ್ಲದ ಕನಸಿನಿಂದ ಆರಂಭಿಸೋಣ, ಏಕೆಂದರೆ ಅದರಲ್ಲಿ ಆತಂಕಪಡುವಂಥದ್ದೇನೂ ಇಲ್ಲ. 1942ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ ಹೆಚ್ಚಿನವರು ಕನಸಿನಲ್ಲಿ ಬಣ್ಣ ಕಾಣುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದಿದ್ದರು. ಸುಮಾರು ಅರವತ್ತು ವರ್ಷಗಳ ನಂತರ ಅದೇ ಪ್ರಶ್ನೆಗೆ ಹಾಗೆ ಉತ್ತರಿಸಿದವರು ಅದಕ್ಕಿಂತ ಬಹಳ ಕಡಿಮೆ. ಬಾಲ್ಯದಲ್ಲಿ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿ ಬೆಳೆದವರು ಬಣ್ಣವಿಲ್ಲದ ಕನಸುಗಳನ್ನು ಹೆಚ್ಚಾಗಿ ವರದಿ ಮಾಡುತ್ತಾರೆಂದು 2008ರ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಕನಸು ಬೀಳುತ್ತಿರುವಾಗಲೇ ಎಬ್ಬಿಸಿ ಕೇಳಿದರೆ ಬಹುಪಾಲು ಜನ ಬಣ್ಣವಿತ್ತು ಎನ್ನುತ್ತಾರೆ. ಹೀಗಾಗಿ ಬೆಳಿಗ್ಗೆ ಬಣ್ಣ ನೆನಪಿಲ್ಲದಿದ್ದರೆ ಕನಸಿಗೆ ಬಣ್ಣವೇ ಇರಲಿಲ್ಲ ಎಂದು ಹೇಳಲಾಗದು. ಗಮನ ಸೆಳೆಯದ ಬಣ್ಣ ಬೇಗ ಮರೆತುಹೋಗುತ್ತದೆ.

ಇನ್ನು ಕೆಂಪಿನ ವಿಚಾರ. ಅದು ನಮಗೆ ಗಾಯದ ರಕ್ತವೂ ಹೌದು, ಹಣೆಯ ಕುಂಕುಮವೂ ಹೌದು. ಆದ್ದರಿಂದ ಬಣ್ಣಕ್ಕೊಂದು ಅರ್ಥ ಹಚ್ಚುವ ಪಟ್ಟಿಯನ್ನು ನಾನು ನಂಬುವುದಿಲ್ಲ. ಕನಸಿನ ಮುಖ್ಯ ಚಿತ್ರ ಆಗ ಮನಸ್ಸನ್ನು ಆಳುತ್ತಿರುವ ಭಾವನೆಗೆ ರೂಪ ಕೊಡುತ್ತದೆ ಎಂದು ಮನೋವೈದ್ಯ ಅರ್ನೆಸ್ಟ್ ಹಾರ್ಟ್‌ಮನ್ ವಾದಿಸಿದರು. ಬೆಂಕಿ ಅನಾಹುತದಿಂದ ಪಾರಾದವರ ಕನಸಿನಲ್ಲಿ ಬೆಂಕಿಯ ಬದಲು ದೈತ್ಯ ಅಲೆ ಬರಬಹುದು ಎಂಬುದು ಅವರ ಉದಾಹರಣೆ: ವಸ್ತು ಬೇರೆ, ದಿಗಿಲು ಮಾತ್ರ ಅದೇ. ಕನಸು ದಟ್ಟವಾಗಿರುವ ನಿದ್ರೆಯ ಹಂತದಲ್ಲಿ ಮಿದುಳಿನ ಭಾವನೆಗೆ ಸಂಬಂಧಿಸಿದ ಭಾಗಗಳು ಚುರುಕಾಗಿದ್ದು, ವಿವೇಚನೆಯ ಭಾಗ ಮಂಕಾಗಿರುವುದೂ ಈ ವಾದಕ್ಕೆ ಹೊಂದುತ್ತದೆ.

ಇಲ್ಲಿ ಪ್ರಕಟಿಸದ, ನಿಮ್ಮ ಪತ್ರದ ಕೊನೆಯ ಸಾಲುಗಳೇ ನನಗೆ ಮುಖ್ಯವೆನಿಸಿದವು. ನಿಮ್ಮ ಬಸ್ಸು ಯಾವುದೆಂದು ತಿಳಿಯದಿದ್ದರೂ ನಿಮಗೆ ಅವಸರವಿರಲಿಲ್ಲ, ಚೀಲ ಕೆಳಗಿಟ್ಟು ಹಾಯಾಗಿ ನಿಂತಿದ್ದಿರಿ ಎಂದು ಬರೆದಿದ್ದೀರಿ. ತಾಯಿಯವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದೂ ಅದೇ ವಾರ. ಹಾಗಿದ್ದಲ್ಲಿ ಈ ಕನಸನ್ನು ಅಪಾಯಕ್ಕಿಂತ ಹೊರೆ ಇಳಿದ ನೆಮ್ಮದಿಯೊಂದಿಗೆ ಜೋಡಿಸುವುದೇ ಸಹಜ. ಅದೇ ನಿಲ್ದಾಣದಲ್ಲಿ, ಅದೇ ಕೆಂಪಿನ ನಡುವೆ ಎದೆ ಡವಗುಟ್ಟುತ್ತ ಓಡಾಡಿದ್ದರೆ ನಾನು ಬೇರೆಯದನ್ನೇ ಹೇಳುತ್ತಿದ್ದೆ. ಇದು ಊಹೆಯೇ ಹೊರತು ಪ್ರಯೋಗದಿಂದ ಸಾಬೀತಾದದ್ದಲ್ಲ. ಸರಿಯೋ ತಪ್ಪೋ ಎಂಬುದನ್ನು ನೀವೇ ತೂಗಿ ನೋಡಬೇಕು.

ಮುಂದಿನ ಬಾರಿ ಎಚ್ಚರವಾದಾಗ ಮಗ್ಗುಲು ಬದಲಿಸದೆ ಮೊದಲು ಭಾವನೆಯನ್ನು ನೆನಪಿಸಿಕೊಂಡು ಬರೆಯಿರಿ. ಅದು ಕನಸಿನ ಯಾವ ಘಟ್ಟದಲ್ಲಿ ಬದಲಾಯಿತು ಎಂಬುದನ್ನೂ ಸೇರಿಸಿ. ಜನ, ಜಾಗ, ವಸ್ತುಗಳು ಆಮೇಲೆ ಬರಲಿ. ಬಣ್ಣವನ್ನು ನಿಜವಾಗಿ ಕಂಡಿದ್ದರೆ ಮಾತ್ರ ಬರೆಯಿರಿ, ಏಕೆಂದರೆ ಮರ ಎಂದೊಡನೆ ಹಸಿರನ್ನು ಮನಸ್ಸು ತಾನೇ ತುಂಬಿಬಿಡುತ್ತದೆ. ನಂತರ, ಇದೇ ಭಾವನೆ ಕಳೆದ ಎರಡು-ಮೂರು ದಿನಗಳಲ್ಲಿ ಎಚ್ಚರದಲ್ಲಿ ಯಾವಾಗ ಬಂದಿತ್ತು ಎಂದು ಕೇಳಿಕೊಳ್ಳಿ.