ಬೀದರಿನ ಚಳಿ, ಕಲಬುರಗಿಯ ಬಿಸಿಲು, ಮಾನಿಟರಿನ ಓವರ್‌ಡ್ರೈವ್

ಮಾನಿಟರಿನ ಡಬ್ಬಿ ಮೇಲೆ ಪಿಕ್ಸೆಲ್ ಬಣ್ಣ ಬದಲಿಸುವ ಹೊತ್ತು 1 ms ಅಂತ ಇರುತ್ತದೆ. ಆ ವೇಗ ಸಿಗಲಿ ಎಂದು ಮೆನುವಿನಲ್ಲಿ, ಪಿಕ್ಸೆಲ್ಲನ್ನು ಬೇಗ ಬದಲಿಸುವ ಓವರ್‌ಡ್ರೈವನ್ನು ಕೊನೆಯ ಮಟ್ಟಕ್ಕೆ ಇಡುತ್ತೇವೆ. ಆಟದಲ್ಲಿ ಕಪ್ಪು ಕಾರು ಓಡಿದರೆ ಹಿಂದೆ ಬಿಳಿ ಅಂಚು ಕಾಣುತ್ತದೆ. ಕರೆಂಟಿನ ಏರಿಳಿತ ಅಂತ ಸುಮ್ನೆ ಸ್ಟೆಬಿಲೈಸರ್ ಕೊಳ್ಳುವವರೂ ಇದ್ದಾರೆ! ಕರೆಂಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ಪರದೆಯೊಳಗಿರುವುದು ದ್ರವಸ್ಫಟಿಕ. 1888ರಲ್ಲಿ ಫ್ರೀಡ್ರಿಕ್ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಒಂದು ವಸ್ತುವನ್ನು ಕಾಯಿಸಿದ. ಅದು ಎರಡು ಸಲ ಕರಗಿದಂತೆ ಕಂಡಿತು. 145.5 ಡಿಗ್ರಿಯಲ್ಲಿ ಮಸುಕು ದ್ರವವಾಯಿತು, 178.5ರಲ್ಲಿ ತಿಳಿಯಾಯಿತು. ನಡುವಿನ ಆ ಮಸುಕು ಸ್ಥಿತಿಯ ವಂಶದವೇ ನಮ್ಮ ಪರದೆಯ ಅಣುಗಳು. ವೋಲ್ಟೇಜ್ ಕೊಟ್ಟರೆ ತಿರುಗುತ್ತವೆ, ಆದರೆ ನಿಧಾನ. ಹೊಸ ಚಿತ್ರ ಬರುವಷ್ಟರಲ್ಲಿ ತಿರುಗಿ ಮುಗಿಯದಿದ್ದರೆ ಹಳೆಯದರ ನೆರಳು ಉಳಿಯುತ್ತದೆ. ಅದೇ ಘೋಸ್ಟಿಂಗ್.

ಓವರ್‌ಡ್ರೈವ್ ಮಾಡುವುದು ಇಷ್ಟೇ: ಪಿಕ್ಸೆಲ್ 50ರ ಬೂದು ಮಟ್ಟದಿಂದ 120ರ ಮಟ್ಟಕ್ಕೆ ಹೋಗಬೇಕಿದ್ದರೆ, ಒಂದು ಫ್ರೇಮಿನ ಮಟ್ಟಿಗೆ 150ರ ವೋಲ್ಟೇಜ್ ಕೊಡುತ್ತದೆ ಎಂದುಕೊಳ್ಳಿ. ಫ್ರೇಮ್ ಮುಗಿಯುವಾಗ ಸರಿಯಾಗಿ 120 ಮುಟ್ಟಬೇಕು ಅನ್ನುವುದು ಲೆಕ್ಕ. ಲೆಕ್ಕ ತಪ್ಪಿ 135ಕ್ಕೆ ಹೋದರೆ ಹಿನ್ನೆಲೆಗಿಂತ ಬೆಳ್ಳಗಿನ ಪ್ರಭೆ. ಇದು ಉಲ್ಟಾ ಘೋಸ್ಟಿಂಗ್.

ಲೆಕ್ಕ ತಪ್ಪುವುದು ಹೇಗೆ? ಒಂದು, ಸೆಖೆ. ದ್ರವಸ್ಫಟಿಕ ಕೊಬ್ಬರಿ ಎಣ್ಣೆಯಂತೆ, ಚಳಿಗೆ ದಪ್ಪ, ಬಿಸಿಗೆ ತೆಳು. ಬೀದರಿನ ಡಿಸೆಂಬರ್ ಬೆಳಿಗ್ಗೆ ನೆರಳು ಹೋಗಲಿ ಅಂತ ಏರಿಸಿಟ್ಟ ಮಟ್ಟವೇ ಕಲಬುರಗಿಯ ಮೇ ತಿಂಗಳಲ್ಲಿ, ಹೊರಗೆ 40 ದಾಟಿದಾಗ, ಪ್ರಭೆ ಬರಿಸಬಹುದು. ಎರಡು, ರಿಫ್ರೆಶ್ ದರ. 144 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಸುಮಾರು 6.9 ಮಿಲಿಸೆಕೆಂಡ್, 60ರಲ್ಲಿ 16.7. ಅದೇ ಹೆಚ್ಚುವರಿ ವೋಲ್ಟೇಜ್ ಎರಡು ಪಟ್ಟಿಗೂ ಜಾಸ್ತಿ ಹೊತ್ತು ನಿಂತರೆ ಪಿಕ್ಸೆಲ್ ಗುರಿ ದಾಟದೆ ಇರುತ್ತಾ? ದರವನ್ನು ತಾನೇ ಏರಿಳಿಸುವ ಫ್ರೀಸಿಂಕ್ ಹಾಕಿದಾಗ, ಆಟ ನಿಧಾನವಾದ ಕಡೆಯಲ್ಲೆಲ್ಲ ಪ್ರಭೆ ಎದ್ದು ಕಾಣುವುದು ಇದರಿಂದಲೇ. ದರಕ್ಕೆ ತಕ್ಕಂತೆ ಓವರ್‌ಡ್ರೈವ್ ಬದಲಿಸುವ ಮಾನಿಟರುಗಳಿಗೆ ಈ ತೊಂದರೆ ಕಡಿಮೆ.

ಹೊಂದಿಸುವ ಮೊದಲು ಅರ್ಧ ಗಂಟೆ ಪರದೆ ಬಿಸಿಯಾಗಲಿ. ನೀವು ಆಡುವ ದರವನ್ನೇ ಇಟ್ಟು testufo.com/ghosting ತೆರೆಯಿರಿ. ಅಲ್ಲಿ ಓಡುವ ಹಾರುತಟ್ಟೆಯ ಚಿತ್ರವನ್ನು ಕಣ್ಣಿನಿಂದ ಹಿಂಬಾಲಿಸಿ. Off ನಿಂದ ಶುರು ಮಾಡಿ ಒಂದೊಂದೇ ಮಟ್ಟ ಏರಿಸಿ. ಹಿಂದಿನ ಬಾಲ ತಟ್ಟೆಯದೇ ಬಣ್ಣದಲ್ಲಿದ್ದರೆ ಇನ್ನೂ ಏರಿಸಬಹುದು. ಬಣ್ಣ ತಿರುಗಿ ಕಪ್ಪಿನ ಹಿಂದೆ ಬಿಳಿ, ಬಿಳಿಯ ಹಿಂದೆ ಕಪ್ಪು ಕಂಡ ಕೂಡಲೇ ಒಂದು ಮೆಟ್ಟಿಲು ಇಳಿಯಿರಿ. ಸ್ವಲ್ಪ ನೆರಳನ್ನು ಕಣ್ಣು ಸಹಿಸುತ್ತದೆ, ಪ್ರಭೆಯನ್ನು ಸಹಿಸುವುದು ಕಷ್ಟ.

ವಿಎ ಎಂಬ ಬಗೆಯ ಪ್ಯಾನೆಲ್‌ನಲ್ಲಿ ಕಡುಕಪ್ಪಿನಿಂದ ಬೂದಿಗೆ ಹೋಗುವಾಗಿನ ಮಸಿ ಪೂರ್ತಿ ಹೋಗುವುದಿಲ್ಲ. ಅದನ್ನು ಬೆನ್ನಟ್ಟಿ ಮಟ್ಟ ಏರಿಸಿದರೆ ಉಳಿದ ಬಣ್ಣಗಳೆಲ್ಲ ಕೆಡುತ್ತವೆ.